ರಾಸು ವಿಮೆಗೆ ಒಂದು ಪುಟದ ಪಟ್ಟಿ ಬೇಕು, ‘ಹೊರತು’ಗಳನ್ನು ನುಂಗಿದ ಪಟ್ಟಿ ಬೇಡ



ನಿಮ್ಮ ಸಂಘದ ಬೀರುವಿನಲ್ಲಿ ರಾಸು ವಿಮೆಯ ಪಾಲಿಸಿ ಪತ್ರ ಇರುತ್ತದೆ. ಒಮ್ಮೆ ಅದನ್ನು ಕೇಳಿ ತೆಗೆಸಿ ನೋಡಿ. ಅದರಲ್ಲಿ ಒಂದು ವಾಕ್ಯ ಅರ್ಧ ಪುಟ ಓಡುತ್ತದೆ. ‘ಪರಂತು’, ‘ಒಳಪಟ್ಟು’, ‘ಹೊರತು’, ‘ಮೇಲೆ ಹೇಳಿದ ಉಪಷರತ್ತಿನಂತೆ’ ಎಂದು ಒಂದರ ಹೊಟ್ಟೆಯೊಳಗೆ ಇನ್ನೊಂದು ಷರತ್ತು ಕೂತಿರುತ್ತದೆ. ಹಸು ಸತ್ತ ದಿನ ಈ ವಾಕ್ಯಗಳನ್ನು ಬಿಡಿಸಿ ಓದುವ ಸ್ಥಿತಿಯಲ್ಲಿ ನೀವೂ ಇರುವುದಿಲ್ಲ, ಬೆಳಗಿನ ಹಾಲು ಅಳೆಯುತ್ತಿರುವ ಕಾರ್ಯದರ್ಶಿಯೂ ಇರುವುದಿಲ್ಲ. ಆದ್ದರಿಂದಲೇ ಹಲವು ಸಂಘಗಳಲ್ಲಿ ಸಿಬ್ಬಂದಿ ತಾವೇ ಒಂದು ಚೆಕ್‌ಲಿಸ್ಟ್ ಮಾಡಿಕೊಂಡಿರುತ್ತಾರೆ: ಓಲೆ ಇದೆಯೇ, ಲಸಿಕೆ ಆಗಿದೆಯೇ, ಫೋಟೊ ಇದೆಯೇ, ಟಿಕ್, ಟಿಕ್, ಟಿಕ್.

ಪಟ್ಟಿ ಮಾಡುವುದು ಸರಿಯಾದ ಕೆಲಸ. ಆದರೆ ಪಾಲಿಸಿಯ ಷರತ್ತುಗಳನ್ನು ಅವಸರದಲ್ಲಿ ಚಪ್ಪಟೆ ಮಾಡಿದರೆ ‘ಹೊರತು’ ಎಂಬ ಪದಗಳು ಉದುರಿಹೋಗುತ್ತವೆ, ಮತ್ತು ಪರಿಹಾರ ಬರುವುದೂ ಬಾರದಿರುವುದೂ ಬಹುಪಾಲು ಅವುಗಳ ಮೇಲೇ ನಿಂತಿರುತ್ತದೆ. ಎಲ್ಲ ಸಾಲಿಗೂ ಟಿಕ್ ಬಿದ್ದ ಕಡತ ತಿರಸ್ಕಾರವಾಗಿ ಬಂದಾಗ ನಷ್ಟ ಸಂಘಕ್ಕಲ್ಲ, ನಿಮ್ಮ ಕೊಟ್ಟಿಗೆಗೆ. ಹಾಗಾಗಿ ಈ ಪಟ್ಟಿ ಹೇಗೆ ತಯಾರಾಗುತ್ತದೆ ಎಂಬುದು ಸದಸ್ಯೆಯರಿಗೂ ತಿಳಿದಿರಬೇಕು ಎಂಬುದು ನನ್ನ ವಾದ.

ಒಂದು ಷರತ್ತನ್ನು ಬಿಡಿಸಿ ನೋಡೋಣ

ರಾಸು ವಿಮೆಯಲ್ಲಿ ರೋಗದ ಸಾವಿನ ಷರತ್ತು ಸಾಮಾನ್ಯವಾಗಿ ಹೀಗೆ ಇರುತ್ತದೆ. ಪದಗಳು ಕಂಪನಿಯಿಂದ ಕಂಪನಿಗೆ ಬದಲಾಗುತ್ತವೆ, ಆಕಾರ ಇದೇ. ಪಾಲಿಸಿ ಅವಧಿಯಲ್ಲಿ ತಗುಲಿದ ರೋಗದಿಂದ ರಾಸು ಸತ್ತರೆ ಪರಿಹಾರ ಉಂಟು. ಪರಂತು ವಿಮೆ ಆರಂಭವಾಗಿ 15 ದಿನಗಳೊಳಗೆ ತಗುಲಿದ ರೋಗಕ್ಕೆ ಇಲ್ಲ. ಮತ್ತೆ ಗಳಲೆ ರೋಗ, ಚಪ್ಪೆ ರೋಗ, ನೆರಡಿ ರೋಗ, ಕಾಲುಬಾಯಿ ಜ್ವರ, ಥೈಲೇರಿಯಾ ಮುಂತಾದ ರೋಗಗಳಿಂದ ಸತ್ತರೆ ಇಲ್ಲ, ಲಸಿಕೆ ಹಾಕಿಸಿ ಪಶುವೈದ್ಯರ ಪ್ರಮಾಣಪತ್ರ ಪಡೆದಿದ್ದ ಹೊರತು. ಇದೆಲ್ಲವೂ ಕಿವಿಯೋಲೆ ಇದ್ದರೆ ಮಾತ್ರ. ಓಲೆ ಇಲ್ಲದಿದ್ದರೆ ಪರಿಹಾರವಿಲ್ಲ.

ಇಲ್ಲಿ ನಾಲ್ಕು ಪದರಗಳಿವೆ. ಉಂಟು ಎನ್ನುತ್ತದೆ, ಆಮೇಲೆ ಇಲ್ಲ ಎನ್ನುತ್ತದೆ, ಇಲ್ಲದ್ದರೊಳಗೆ ಮತ್ತೆ ಉಂಟು ಎನ್ನುತ್ತದೆ, ಕೊನೆಗೆ ಎಲ್ಲದರ ಮೇಲೂ ಓಲೆಯ ಷರತ್ತು ಹಾಕುತ್ತದೆ. ಅವಸರದ ಪಟ್ಟಿ ಇದನ್ನು ಹೀಗೆ ಇಳಿಸುತ್ತದೆ: ‘15 ದಿನ ಆಗಿದೆಯೇ? ಲಸಿಕೆ ಆಗಿದೆಯೇ? ಓಲೆ ಇದೆಯೇ?’ ನೋಡಲು ಚೆನ್ನಾಗಿದೆ. ಆದರೆ ಮೂರು ಸಾಲಿನಲ್ಲಿ ಮೂರೂ ತಪ್ಪು.

ಮೊದಲ ಸಾಲು ಯಾವ ದಿನವನ್ನು ಎಣಿಸುತ್ತಿದೆ? ಒಂದು ಉದಾಹರಣೆ ಇಟ್ಟುಕೊಳ್ಳೋಣ. ಒಬ್ಬ ಸದಸ್ಯೆಯ ಮಿಶ್ರತಳಿ ಹಸುವಿಗೆ ಜುಲೈ 1ರಿಂದ ವಿಮೆ ಆರಂಭ. ಜುಲೈ 14ರಂದು ಮೇವು ಬಿಟ್ಟಿತು, ಜ್ವರ ಬಂತು. ಚಿಕಿತ್ಸೆ ನಡೆಯಿತು. ಜುಲೈ 18ರಂದು ಸತ್ತಿತು. ಸಾವಿನ ದಿನ ಎಣಿಸಿದರೆ 15 ದಿನ ದಾಟಿದೆ, ಟಿಕ್ ಬೀಳುತ್ತದೆ. ಆದರೆ ಷರತ್ತು ಕೇಳುವುದು ರೋಗ ತಗುಲಿದ ದಿನವನ್ನು. ಪಶುವೈದ್ಯರ ಚಿಕಿತ್ಸಾ ಚೀಟಿಯಲ್ಲಿ 14ನೇ ತಾರೀಖು ಇದೆ, ಅದು 15 ದಿನಗಳ ಒಳಗೇ ಬರುತ್ತದೆ. ಹಾಗಾಗಿ ಪಟ್ಟಿಯ ಸಾಲು ‘ಕಾಯಿಲೆಯ ಮೊದಲ ಲಕ್ಷಣ ಕಂಡ ತಾರೀಖು: ____. ಅದು ವಿಮೆ ಆರಂಭವಾಗಿ 15 ದಿನ ಮುಗಿದ ನಂತರದ್ದು’ ಎಂದಿರಬೇಕು. ತಾರೀಖು ಬರೆಯಲು ಜಾಗ ಇಲ್ಲದ ಸಾಲಿನಲ್ಲಿ ಟಿಕ್ ಹಾಕಿದವರಿಗೇ ಆಮೇಲೆ ತಾವು ಯಾವುದನ್ನು ಎಣಿಸಿದೆವು ಎಂದು ನೆನಪಿರುವುದಿಲ್ಲ.

ಇದೇ ಹಸು ಜುಲೈ 14ರಂದು ರಸ್ತೆಯಲ್ಲಿ ಲಾರಿಗೆ ಸಿಕ್ಕಿ ಸತ್ತಿದ್ದರೆ? 15 ದಿನದ ಕಾಯುವಿಕೆ ರೋಗಕ್ಕೆ ಮಾತ್ರ, ಅಪಘಾತಕ್ಕೆ ವಿಮೆ ಮೊದಲ ದಿನದಿಂದಲೇ ಇರುತ್ತದೆ. ಒಂದೇ ಪಟ್ಟಿಯಲ್ಲಿ ‘15 ದಿನ ಆಗಿದೆಯೇ’ ಎಂದು ಬರೆದಿಟ್ಟರೆ ಸಿಬ್ಬಂದಿ ಈ ಸದಸ್ಯೆಗೆ ‘ನಿಮಗೆ ಬರುವುದಿಲ್ಲ ಅಕ್ಕ’ ಎಂದು ಹೇಳಿ ಕಳಿಸಿಬಿಡುವ ಅಪಾಯವಿದೆ. ತಪ್ಪು ಪಟ್ಟಿ ಬಾರದ ಪರಿಹಾರಕ್ಕೆ ಆಸೆ ಹುಟ್ಟಿಸುತ್ತದೆ, ಬರಬೇಕಾದ ಪರಿಹಾರವನ್ನೂ ಬಾಗಿಲಲ್ಲೇ ತಡೆಯುತ್ತದೆ. ಇದಕ್ಕೆ ಮದ್ದು ಸರಳ: ರೋಗದ ಸಾವಿಗೆ ಒಂದು ಹಾಳೆ, ಅಪಘಾತದ ಸಾವಿಗೆ ಬೇರೆ ಹಾಳೆ. ‘ಅಥವಾ’ ಬರುವ ಕಡೆ ಹಾಳೆ ಒಡೆಯಿರಿ, ‘ಮತ್ತು’ ಬರುವ ಕಡೆ ಸಾಲು ಒಡೆಯಿರಿ. ಇಷ್ಟು ನೆನಪಿಟ್ಟರೆ ಅರ್ಧ ಕೆಲಸ ಮುಗಿಯಿತು.

‘ಲಸಿಕೆ ಆಗಿದೆ’ ಎಂದರೆ ಯಾವುದು?

ಎರಡನೇ ಸಾಲಿಗೆ ಬರೋಣ. ಲಸಿಕೆ ಆಗಿದೆಯೇ ಎಂದು ಕೇಳಿದರೆ ಯಾವ ಸದಸ್ಯೆಯೂ ಹೌದೆನ್ನುತ್ತಾರೆ. ಕಾಲುಬಾಯಿ ಜ್ವರದ ಲಸಿಕೆ ಆರು ತಿಂಗಳಿಗೊಮ್ಮೆ ಮನೆ ಬಾಗಿಲಿಗೆ ಬರುತ್ತದೆ, ಎಲ್ಲರಿಗೂ ನೆನಪಿರುವುದು ಅದೇ. ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮುಂಚೆ ಬೇರೆಯೇ ಆಗಬೇಕು. ನೆರಡಿ ರೋಗದ ಲಸಿಕೆ ಆ ರೋಗ ಕಾಣಿಸಿಕೊಂಡ ಪ್ರದೇಶಗಳಲ್ಲಿ ಮಾತ್ರ ಹಾಕುತ್ತಾರೆ. ಥೈಲೇರಿಯಾ ಉಣ್ಣೆಯಿಂದ ಹರಡುವ ರೋಗ, ಮಿಶ್ರತಳಿ ರಾಸುಗಳನ್ನು ಹೆಚ್ಚು ಕಾಡುವಂಥದ್ದು. ಅದರ ಲಸಿಕೆಯೇ ಬೇರೆ. ಕಾಲುಬಾಯಿ ಲಸಿಕೆಯ ಟಿಕ್ಕು ಗಳಲೆ ರೋಗದಲ್ಲಿ ಸತ್ತ ಎಮ್ಮೆಗೆ ಉಪಯೋಗಕ್ಕೆ ಬಾರದು.

ಆದ್ದರಿಂದ ಪಾಲಿಸಿಯಲ್ಲಿ ಎಷ್ಟು ರೋಗಗಳ ಹೆಸರಿದೆಯೋ ಅಷ್ಟು ಸಾಲು ಬೇಕು. ಪ್ರತಿ ಸಾಲಿನಲ್ಲಿ ಲಸಿಕೆ ಹಾಕಿದ ತಾರೀಖು, ಯಾವ ಓಲೆ ಸಂಖ್ಯೆಯ ರಾಸಿಗೆ ಹಾಕಿದ್ದು, ಪ್ರಮಾಣಪತ್ರ ಕಡತದಲ್ಲಿದೆಯೇ ಎಂದು ಮೂರು ಮನೆ ಇರಬೇಕು. ಲಸಿಕೆ ಹಾಕಿಸುವುದು ಒಂದು ಷರತ್ತು, ಪ್ರಮಾಣಪತ್ರ ಪಡೆಯುವುದು ಇನ್ನೊಂದು ಷರತ್ತು. ಚುಚ್ಚುಮದ್ದು ಬಿದ್ದಿದೆ, ಕಾಗದ ಇಲ್ಲ ಎಂದರೆ ಕಂಪನಿಯ ಮುಂದೆ ಅದು ಬಿದ್ದಿಲ್ಲದ ಹಾಗೆಯೇ.

ನಿಮ್ಮ ಊರಿಗೆ ನೆರಡಿ ರೋಗದ ಲಸಿಕೆ ಬರುವುದೇ ಇಲ್ಲ ಎಂದಿಟ್ಟುಕೊಳ್ಳಿ. ಹೌದು, ಇಲ್ಲ ಎಂಬ ಎರಡೇ ಮನೆ ಇದ್ದರೆ ಸಿಬ್ಬಂದಿ ಏನು ಮಾಡಬೇಕು? ಖಾಲಿ ಬಿಟ್ಟರೆ ಮರೆತಂತೆ ಕಾಣುತ್ತದೆ, ಟಿಕ್ ಹಾಕಿದರೆ ಸುಳ್ಳಾಗುತ್ತದೆ. ಅಲ್ಲಿ ‘ಲಭ್ಯವಿಲ್ಲ’ ಎಂಬ ಮೂರನೇ ಮನೆ ಬೇಕು. ಆ ಮನೆಯಲ್ಲಿ ಗುರುತು ಬಿದ್ದ ಕೂಡಲೇ ಆ ರೋಗದಿಂದ ಸತ್ತರೆ ಪರಿಹಾರ ಸಿಗದಿರಬಹುದು ಎಂದು ಸದಸ್ಯೆಗೆ ಕಂತು ಕಟ್ಟುವ ದಿನವೇ ತಿಳಿಯುತ್ತದೆ. ಸತ್ತ ಮೇಲೆ ತಿಳಿಯುವುದಕ್ಕಿಂತ ಅದು ಎಷ್ಟೋ ಮೇಲು.

ಓಲೆಯ ಸಾಲೂ ಹೀಗೆಯೇ. ಕಿವಿಯಲ್ಲಿ ಓಲೆ ನೇತಾಡುತ್ತಿದ್ದರೆ ಸಾಲದು. ಪಾಲಿಸಿಯಲ್ಲಿ ಯಾವ ಸಂಖ್ಯೆ ಅಚ್ಚಾಗಿದೆಯೋ ಅದೇ ಕಿವಿಯಲ್ಲಿರಬೇಕು. ಹಳದಿ ಓಲೆಯ 12 ಅಂಕಿಯಲ್ಲಿ ಬರೆಯುವಾಗ ಒಂದು ಅಂಕಿ ತಪ್ಪಿದರೂ ಕಾಗದದ ಪ್ರಕಾರ ಅದು ಬೇರೆ ಹಸು. ಆದ್ದರಿಂದ ಸಾಲು ‘ಓಲೆ ಸಂಖ್ಯೆಯನ್ನು ಪಾಲಿಸಿಯೊಂದಿಗೆ ಅಂಕಿ ಅಂಕಿ ತಾಳೆ ನೋಡಿದೆ’ ಎಂದಿರಲಿ. ಒಬ್ಬರು ಕಿವಿ ನೋಡಿ ಓದಬೇಕು, ಇನ್ನೊಬ್ಬರು ಪಾಲಿಸಿ ನೋಡಿ ಗುರುತು ಹಾಕಬೇಕು.

ಟಿಕ್ ಎಂದರೆ ಯಾವಾಗಲೂ ಒಳ್ಳೆಯದೇ ಆಗಿರಬೇಕು

ಪಾಲಿಸಿಯ ಭಾಷೆ ಬಹುಪಾಲು ‘ಇಲ್ಲ’ಗಳ ಭಾಷೆ. ಅದನ್ನು ಹಾಗೇ ಪ್ರಶ್ನೆ ಮಾಡಿದರೆ ‘ರಾಸನ್ನು ಮಾರಿಲ್ಲ ಅಲ್ಲವೇ?’ ಎಂಬಂಥ ಸಾಲು ಹುಟ್ಟುತ್ತದೆ. ಇದಕ್ಕೆ ನಮ್ಮ ಮಾತಿನಲ್ಲಿ ಹೌದು ಎಂದರೂ ಮಾರಿಲ್ಲ ಎಂದೇ ಅರ್ಥ, ಇಲ್ಲ ಎಂದರೂ ಮಾರಿಲ್ಲ ಎಂದೇ ಅರ್ಥ! ಹಾಳೆಯ ಮೇಲೆ ಬಿದ್ದ ಟಿಕ್ಕನ್ನು ಆರು ತಿಂಗಳ ನಂತರ ಓದುವವರಿಗೆ ಏನು ತಿಳಿಯಬೇಕು? ಪ್ರಶ್ನೆ ಬಿಟ್ಟು ನೇರ ಹೇಳಿಕೆಯಾಗಿ ಬರೆಯಿರಿ: ‘ರಾಸು ಇಂದಿಗೂ ಪಾಲಿಸಿಯಲ್ಲಿರುವ ಸದಸ್ಯೆಯ ಹೆಸರಿನಲ್ಲೇ ಇದೆ.’ ನಿಜವಾದರೆ ಟಿಕ್, ಇಲ್ಲದಿದ್ದರೆ ಖಾಲಿ. ಹಾಳೆಯುದ್ದಕ್ಕೂ ಟಿಕ್ ಬಿದ್ದರೆ ಸರಿ, ಖಾಲಿ ಇದ್ದರೆ ತೊಂದರೆ ಎಂಬ ಒಂದೇ ನಿಯಮ ಇರಲಿ. ನಡುವೆ ಒಂದು ಸಾಲು ತಿರುಗುಮುರುಗಾದರೂ ಕಣ್ಣು ಮೋಸಹೋಗುತ್ತದೆ.

ಕೆಲವು ಷರತ್ತುಗಳನ್ನು ಮಾತ್ರ ಟಿಕ್ಕಿಗೆ ಇಳಿಸಲೇಬಾರದು. ‘ನಿರ್ಲಕ್ಷ್ಯದಿಂದ ಅಥವಾ ಅಕುಶಲ ಚಿಕಿತ್ಸೆಯಿಂದ ಸತ್ತರೆ ಪರಿಹಾರವಿಲ್ಲ’ ಎಂದು ಪಾಲಿಸಿಗಳಲ್ಲಿ ಇರುತ್ತದೆ. ಸಂಘದ ಸಿಬ್ಬಂದಿಯ ಹಾಳೆಯಲ್ಲಿ ‘ನಿರ್ಲಕ್ಷ್ಯವಾಗಿಲ್ಲ’ ಎಂಬ ಮನೆ ಇಟ್ಟರೆ ಅದು ಅವರ ಕೈಯಲ್ಲಿ ತೀರ್ಪು ಕೊಟ್ಟಂತೆ. ಬೇಕಾದವರಿಗೆ ಟಿಕ್, ಬೇಡದವರಿಗೆ ಖಾಲಿ ಎಂಬ ಜಗಳಕ್ಕೂ ದಾರಿ. ಅಂಥ ಕಡೆ ತೀರ್ಪನ್ನು ಬಿಟ್ಟು ಸಂಗತಿಯನ್ನು ಮಾತ್ರ ಕೇಳಿ: ಪಶುವೈದ್ಯರಿಗೆ ಯಾವ ದಿನ, ಎಷ್ಟು ಹೊತ್ತಿಗೆ ತಿಳಿಸಲಾಯಿತು, ಅವರು ಯಾವಾಗ ಬಂದರು, ಚಿಕಿತ್ಸಾ ಚೀಟಿ ಇದೆಯೇ. ನಿರ್ಲಕ್ಷ್ಯವೋ ಅಲ್ಲವೋ ಎಂದು ತೂಗುವುದು ಪಶುವೈದ್ಯರ ಮತ್ತು ವಿಮಾ ಕಂಪನಿಯ ಕೆಲಸ. ನಿಮ್ಮ ಕಡೆಯ ತಾರೀಖು ಮತ್ತು ಗಂಟೆ ಬರೆದಿದ್ದರೆ ಅದೇ ನಿಮ್ಮ ಸಾಕ್ಷಿ.

ಜೀವಕ್ಕೇ ಅಪಾಯ ತರುವ ಸಾಲು

ಈಗ ಅತ್ಯಂತ ಎಚ್ಚರ ಬೇಕಾದ ಜಾಗ. ಕ್ಲೇಮಿನ ಕಾಗದಗಳಲ್ಲಿ ಪಶುವೈದ್ಯರ ಮರಣ ಪ್ರಮಾಣಪತ್ರ, ಅಗತ್ಯವಿದ್ದಲ್ಲಿ ಮರಣೋತ್ತರ ಪರೀಕ್ಷೆಯ ವರದಿ, ಓಲೆ ಇವೆಲ್ಲ ಬರುತ್ತವೆ. ಅವಸರದ ಪಟ್ಟಿ ‘ಅಗತ್ಯವಿದ್ದಲ್ಲಿ’ ಎಂಬುದನ್ನು ಬಿಟ್ಟು ‘ಮರಣೋತ್ತರ ಪರೀಕ್ಷೆ ಆಗಿದೆ’ ಎಂದು ಬರೆಯುತ್ತದೆ. ಟಿಕ್ ಬೀಳದಿದ್ದರೆ ಹಣ ಬಾರದು ಎಂದು ಮನೆಯವರು ಕೊಯ್ಯಲು ಒತ್ತಾಯಿಸುತ್ತಾರೆ.

ನೆರಡಿ ರೋಗದಲ್ಲಿ ಸತ್ತ ರಾಸನ್ನು ಕೊಯ್ಯಲೇಬಾರದು. ಇದ್ದಕ್ಕಿದ್ದಂತೆ ಸತ್ತು, ಮೂಗು, ಬಾಯಿ, ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸುರಿದಿದ್ದರೆ ಅದೇ ಅನುಮಾನ. ಕೊಯ್ದರೆ ರೋಗಾಣು ಗಾಳಿಗೆ ತೆರೆದುಕೊಂಡು ಗಟ್ಟಿ ಬೀಜಕವಾಗಿ ಮಣ್ಣಿನಲ್ಲಿ ಹಲವು ವರ್ಷ ಉಳಿಯುತ್ತದೆ. ಅದು ಮನುಷ್ಯರಿಗೂ ತಗುಲುವ ರೋಗ. ಅಂಥ ಕಡೆ ಪಶುವೈದ್ಯರು ಕೊಯ್ಯದೆ, ಒಂದು ಹನಿ ರಕ್ತದ ಲೇಪ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಹಾಗಾಗಿ ಹಾಳೆಯ ಸಾಲು ಹೀಗಿರಬೇಕು: ‘ಪಶುವೈದ್ಯರು ಬಂದು ನೋಡುವವರೆಗೆ ಕಳೇಬರವನ್ನು ಯಾರೂ ಕೊಯ್ದಿಲ್ಲ, ಚರ್ಮ ಸುಲಿದಿಲ್ಲ, ಕಿವಿ ಕತ್ತರಿಸಿಲ್ಲ.’ ಅದರ ಕೆಳಗೆ: ‘ಮರಣೋತ್ತರ ಪರೀಕ್ಷೆಯ ವರದಿ ಇದೆ, ಅಥವಾ ಪರೀಕ್ಷೆ ಬೇಡವೆಂದು ಪಶುವೈದ್ಯರೇ ಬರೆದುಕೊಟ್ಟಿದ್ದಾರೆ.’ ‘ಅಥವಾ’ ಬಂದ ಕಡೆ ಹಾಳೆ ಒಡೆಯಿರಿ ಎಂದು ಮೇಲೆ ಹೇಳಿದ್ದೆ. ಇಲ್ಲಿ ಒಡೆಯುವುದು ಬೇಡ. ಎರಡರಲ್ಲಿ ಯಾವುದು ಎಂದು ತೀರ್ಮಾನಿಸುವವರು ಪಶುವೈದ್ಯರೊಬ್ಬರೇ, ಸಿಬ್ಬಂದಿ ಕಾಗದ ನೋಡಿದರೆ ಸಾಕು.

ಷರತ್ತಿನ ಕ್ರಮ ಬಿಡಿ, ದಿನಗಳ ಕ್ರಮ ಹಿಡಿಯಿರಿ

ಪಾಲಿಸಿ ತನ್ನ ಲೆಕ್ಕದಲ್ಲಿ 1, 1(ಎ), 1(ಬಿ) ಎಂದು ಸಾಗುತ್ತದೆ. ಆ ಕ್ರಮದಲ್ಲೇ ಪಟ್ಟಿ ಮಾಡಿದರೆ ವಿಮೆ ಮಾಡಿಸುವ ದಿನದ ಕೆಲಸ ಹತ್ತನೇ ಸಾಲಿನಲ್ಲಿ, ಸತ್ತ ದಿನದ ಕೆಲಸ ಎರಡನೇ ಸಾಲಿನಲ್ಲಿ ಬರುತ್ತದೆ. ಕೆಲಸ ಯಾವ ದಿನ ಆಗಬೇಕೋ ಆ ದಿನದ ಕೆಳಗೆ ಸಾಲನ್ನು ಇಡಿ. ಪ್ರತಿ ಸಾಲಿನ ತುದಿಯಲ್ಲಿ ಅದು ಪಾಲಿಸಿಯ ಯಾವ ಷರತ್ತಿನಿಂದ ಬಂತು ಎಂಬ ಸಂಖ್ಯೆಯನ್ನು ಸಣ್ಣದಾಗಿ ಬರೆಯಿರಿ. ಅನುಮಾನ ಬಂದರೆ ಮೂಲಕ್ಕೆ ಹೋಗಿ ನೋಡಲು ಅದೇ ದಾರಿ. ರೋಗದ ಸಾವಿನ ಹಾಳೆ ಹೆಚ್ಚುಕಡಿಮೆ ಹೀಗೆ ಕಾಣುತ್ತದೆ:

ವಿಮೆ ಮಾಡಿಸುವ ದಿನ
1. ಓಲೆ ಸಂಖ್ಯೆ ಪಾಲಿಸಿಯೊಂದಿಗೆ ಅಂಕಿ ಅಂಕಿ ತಾಳೆಯಾಗಿದೆ.
2. ರಾಸಿನ ವಯಸ್ಸು, ಬಣ್ಣ, ಕೊಂಬು, ಗುರುತುಗಳು ಪಾಲಿಸಿಯಲ್ಲಿರುವಂತೆಯೇ ಇವೆ.
3. ವಿಮೆ ಆರಂಭದ ತಾರೀಖು ____, 15 ದಿನ ಮುಗಿಯುವ ತಾರೀಖು ____, ವಿಮೆ ಮುಗಿಯುವ ತಾರೀಖು ____.
4. ಪಾಲಿಸಿಯಲ್ಲಿ ಹೆಸರಿಸಿದ ಪ್ರತಿ ರೋಗಕ್ಕೆ ಲಸಿಕೆ ತಾರೀಖು, ಪ್ರಮಾಣಪತ್ರ (ರೋಗಕ್ಕೊಂದು ಸಾಲು).

ವರ್ಷದ ನಡುವೆ
5. ಓಲೆ ಬಿದ್ದುಹೋದರೆ ಕೂಡಲೇ ಬರವಣಿಗೆಯಲ್ಲಿ ತಿಳಿಸಿ, ಹೊಸ ಸಂಖ್ಯೆಯನ್ನು ಪಾಲಿಸಿಗೆ ಸೇರಿಸಲಾಗಿದೆ.
6. ವಿಮೆ ಮುಗಿಯುವ ಒಂದು ತಿಂಗಳ ಮುಂಚೆ ಸದಸ್ಯೆಗೆ ತಿಳಿಸಲಾಗಿದೆ.

ಕಾಯಿಲೆ ಬಿದ್ದ ದಿನ
7. ಮೊದಲ ಲಕ್ಷಣದ ತಾರೀಖು ____, 15 ದಿನ ಮುಗಿದ ನಂತರದ್ದು.
8. ಪಶುವೈದ್ಯರಿಗೆ ತಿಳಿಸಿದ ತಾರೀಖು, ಗಂಟೆ ____. ಚಿಕಿತ್ಸಾ ಚೀಟಿ ಕಡತದಲ್ಲಿದೆ.

ಸತ್ತ ದಿನ
9. ವಿಮಾ ಕಂಪನಿಗೆ ತಿಳಿಸಿದ ತಾರೀಖು, ಗಂಟೆ ____.
10. ಪಶುವೈದ್ಯರು ಬರುವವರೆಗೆ ಕಳೇಬರ ಮುಟ್ಟಿಲ್ಲ.
11. ಓಲೆ ಕಾಣುವಂತೆ ಫೋಟೊ ತೆಗೆಯಲಾಗಿದೆ.

ನಂತರ
12. ಮರಣ ಪ್ರಮಾಣಪತ್ರ ಇದೆ. ಮರಣೋತ್ತರ ವರದಿ ಅಥವಾ ಬೇಡವೆಂಬ ಪತ್ರ ಇದೆ.
13. ಕ್ಲೇಮು ಅರ್ಜಿ ಮತ್ತು ಓಲೆಯನ್ನು ಪಾಲಿಸಿ ಹೇಳಿದ ಗಡುವಿನೊಳಗೆ ಕೊಟ್ಟು ಸ್ವೀಕೃತಿ ಪಡೆಯಲಾಗಿದೆ.

ಆರನೇ ಸಾಲನ್ನು ಗಮನಿಸಿ. ಪಾಲಿಸಿಯಲ್ಲಿ ಎಲ್ಲೂ ‘ಒಂದು ತಿಂಗಳ ಮುಂಚೆ ತಿಳಿಸಿ’ ಎಂದು ಇರುವುದಿಲ್ಲ. ಆದರೆ ಮೇಲಿನ ಉದಾಹರಣೆಯ ಹಸುವಿನ ಹಳೆಯ ವಿಮೆ ಜೂನ್ 20ಕ್ಕೆ ಮುಗಿದಿತ್ತು, ‘ಎಲ್ಲರದ್ದೂ ಸೇರಿಸಿ ಒಟ್ಟಿಗೆ ಮಾಡಿಸೋಣ’ ಎಂದು ಜುಲೈ 1ರವರೆಗೆ ಕಾದರು ಎಂದುಕೊಳ್ಳಿ. ಹತ್ತು ದಿನದ ಆ ತೆರವಿನಿಂದ ಅದು ಹೊಸ ವಿಮೆಯಾಯಿತು, 15 ದಿನದ ಕಾಯುವಿಕೆ ಮತ್ತೆ ಶುರುವಾಯಿತು. ತಡೆಯಿಲ್ಲದೆ ನವೀಕರಿಸಿದ್ದರೆ ಸಾಮಾನ್ಯವಾಗಿ ಆ ಕಾಯುವಿಕೆ ಬರುವುದಿಲ್ಲ. ನಿಮ್ಮ ಪಾಲಿಸಿಯಲ್ಲಿ ಅದು ಬರೆದಿದೆಯೇ ಎಂದು ನೋಡಿಸಿ. ಷರತ್ತು ಹೇಳುವುದು ಏನಾದರೆ ಹಣ ಬರುವುದಿಲ್ಲ ಎಂದು. ಹಾಗಾಗದಂತೆ ಯಾರು ಯಾವ ದಿನ ಏನು ಮಾಡಬೇಕು ಎಂದು ಹೇಳಬೇಕಾದದ್ದು ಪಟ್ಟಿ. ಪಾಲಿಸಿಯನ್ನು ಕನ್ನಡಕ್ಕೆ ತಿರುಗಿಸಿ ಅಂಟಿಸಿದರೆ ಈ ಸಾಲು ಹುಟ್ಟುವುದಿಲ್ಲ.

ಹಳೆಯ ಕಡತಗಳ ಮೇಲೆ ಓಡಿಸಿ ನೋಡಿ

ಪಟ್ಟಿ ಸರಿಯಾಗಿದೆಯೇ ಎಂದು ತಿಳಿಯಲು ಹೊಸ ಸಾವಿಗೆ ಕಾಯಬೇಕಿಲ್ಲ. ಸಂಘದಲ್ಲಿ ಹಳೆಯ ಕ್ಲೇಮುಗಳ ಕಡತ ಇರುತ್ತದೆ. ಹಣ ಬಂದದ್ದು ಒಂದು, ತಿರಸ್ಕಾರವಾದದ್ದು ಒಂದು, ಅಪಘಾತದ್ದು ಒಂದು ತೆಗೆದುಕೊಳ್ಳಿ. ಫಲಿತಾಂಶ ಗೊತ್ತಿಲ್ಲದ ಒಬ್ಬರ ಕೈಗೆ ಆ ಕಾಗದ ಮತ್ತು ಹೊಸ ಹಾಳೆ ಕೊಟ್ಟು ಟಿಕ್ ಹಾಕಿಸಿ. ತಿರಸ್ಕಾರವಾದ ಕಡತಕ್ಕೂ ಎಲ್ಲ ಟಿಕ್ ಬಿದ್ದರೆ ಒಂದು ‘ಹೊರತು’ ಬಿಟ್ಟುಹೋಗಿದೆ. ಹಣ ಬಂದ ಕಡತದಲ್ಲಿ ಖಾಲಿ ಉಳಿದರೆ, ಇಲ್ಲದ ಷರತ್ತೊಂದು ಸೇರಿಕೊಂಡಿದೆ ಅಥವಾ ಎರಡು ಹಾದಿ ಒಂದೇ ಹಾಳೆಯಲ್ಲಿ ಬೆರೆತಿದೆ. ತಿರಸ್ಕಾರದ ಪತ್ರದಲ್ಲಿ ಕಂಪನಿ ಯಾವ ಷರತ್ತು ಎಂದು ಬರೆದಿರುತ್ತದೆ. ಆ ಸಂಖ್ಯೆ ನಿಮ್ಮ ಹಾಳೆಯ ಯಾವ ಸಾಲಿನ ತುದಿಯಲ್ಲಿದೆ ಎಂದು ಹುಡುಕಿ. ಎಲ್ಲೂ ಸಿಗದಿದ್ದರೆ ಅದೇ ಕಳೆದುಹೋದ ಸಾಲು.

ಒಕ್ಕೂಟವೇ ಎಲ್ಲ ಸಂಘಗಳಿಗೂ ಒಂದು ಪಟ್ಟಿ ಅಚ್ಚು ಹಾಕಿಸಿ ಕಳಿಸಲಿ ಎನ್ನುವವರಿದ್ದಾರೆ. ಮಾದರಿಯಾಗಿ ಕಳಿಸಲಿ, ಒಳ್ಳೆಯದೇ. ಆದರೆ ಪಾಲಿಸಿ ಕಂಪನಿಗೊಂದು ತೆರ, ವರ್ಷಕ್ಕೊಂದು ತೆರ. ಹೋದ ವರ್ಷದ ಪಟ್ಟಿಯಲ್ಲಿ ಈ ವರ್ಷದ ಗಡುವು ಇರುವುದಿಲ್ಲ. ಆದ್ದರಿಂದ ಹಾಳೆಯ ತಲೆಯ ಮೇಲೆ ಪಾಲಿಸಿ ಸಂಖ್ಯೆ ಮತ್ತು ಅವಧಿ ಇರಬೇಕು, ನವೀಕರಣದ ದಿನ ಸಾಲು ಸಾಲಾಗಿ ಮತ್ತೆ ತಾಳೆ ನೋಡಬೇಕು. ಹಾಳೆಯ ಕೆಳಗೆ ಒಂದು ಮಾತು ದಪ್ಪಕ್ಷರದಲ್ಲಿರಲಿ: ಎಲ್ಲ ಟಿಕ್ ಬಿದ್ದ ಮಾತ್ರಕ್ಕೆ ಪರಿಹಾರ ಖಚಿತವಲ್ಲ, ಪಾಲಿಸಿ ಪತ್ರವೇ ಅಂತಿಮ.

ಮುಂದಿನ ಸಭೆಗೆ ಹೋದಾಗ ಕಾರ್ಯದರ್ಶಿಯನ್ನು ಎರಡು ವಿಷಯ ಕೇಳಿ. ನಮ್ಮ ವಿಮೆ ಹಾಳೆಯಲ್ಲಿ ರೋಗಕ್ಕೂ ಅಪಘಾತಕ್ಕೂ ಬೇರೆ ಬೇರೆ ಪುಟ ಇದೆಯೇ? ನನ್ನ ಹಸುವಿನ ಹೆಸರಿನ ಮುಂದೆ ಯಾವ ಲಸಿಕೆಯ ಪ್ರಮಾಣಪತ್ರದ ಮನೆ ಖಾಲಿ ಇದೆ? ಖಾಲಿ ಮನೆ ಇಂದೇ ಕಂಡರೆ ಅದನ್ನು ತುಂಬಲು ಇನ್ನೂ ಸಮಯವಿದೆ.